ಒಂದೇ ಸಲ ಅಂದಿದ್ದ ಅಪ್ಪ

ಮಕ್ಕಳ ತಲೆಗೂದಲು ಕತ್ತರಿಸುವುದರಲ್ಲಿ ಆ ಬೀದಿಯಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬನಿಲ್ಲ. ಬೇರೆ ಅಂಗಡಿಗಳಲ್ಲಿ ಕೂಗಿ ಸೂರು ಹಾರಿಸುವ ಮಕ್ಕಳು ಇವನ ಕುರ್ಚಿಯ ಮೇಲೆ ಅಡ್ಡ ಹಾಕಿದ ಹಲಗೆಯೇರಿ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದವು. ಗುಟ್ಟೇನೂ ದೊಡ್ಡದಲ್ಲ. "ನೋಡು ನೋಡು, ಕನ್ನಡಿ ಮೇಲೆ ಹಲ್ಲಿ!" ಎನ್ನುತ್ತಿದ್ದ. ಮಗು ಹಲ್ಲಿ ಹುಡುಕುವಷ್ಟರಲ್ಲಿ ಕಿವಿಯ ಹಿಂದಿನ ಕೂದಲು ನೆಲದ ಮೇಲಿರುತ್ತಿತ್ತು. ಆ ಹಲ್ಲಿಯನ್ನು ಇಂದಿನವರೆಗೆ ಯಾರೂ ಕಂಡಿಲ್ಲ. "ಇನ್ನೊಂದೇ ಒಂದು ಸಲ, ಮುಗೀತು" ಎನ್ನುವುದು ಅವನ ಇನ್ನೊಂದು ಮಂತ್ರ. ಒಂದು ತಲೆಗೆ ಎಷ್ಟು ಸಲ 'ಇನ್ನೊಂದೇ ಒಂದು' ಬರುತ್ತದೆಂದು ಲೆಕ್ಕ ಇಡುವ ವಯಸ್ಸಿನ ಗಿರಾಕಿಗಳಲ್ಲ ಅವು, ಅವನ ಪುಣ್ಯ.

ಅಂಗಡಿಯಲ್ಲಿ ಅನ್ನ ಹಾಕಿದ ವಿದ್ಯೆ ಮನೆಯಲ್ಲಿ ಕೈಕೊಟ್ಟಿತು. ಮಗಳಿಗೆ ಇನ್ನೂ ಮೂರು ತುಂಬಿರಲಿಲ್ಲ. ನಿಂತಲ್ಲಿ ನಿಲ್ಲದೆ ಸುತ್ತುತ್ತಿದ್ದುದರಿಂದ ಮನೆಯವರೆಲ್ಲ ಅವಳನ್ನು ಬುಗುರಿ ಎಂದೇ ಕರೆಯುತ್ತಿದ್ದರು. ಹಿಂದಿನ ಸಲ ಲಸಿಕೆ ಹಾಕಿಸಲು ಹೋದಾಗ ಅವನು ಅವಳಿಗೆ, ಜೋಕಾಲಿ ಆಡೋಕೆ ಹೋಗೋಣ ಅಂದಿದ್ದ. ಚಿಕಿತ್ಸಾಲಯದ ಕಿಟಕಿ ತೋರಿಸಿ "ನೋಡು, ಅಲ್ಲಿ ಕಾಗೆ" ಎಂದ. ಅವಳು ಪಾಪ ಕಾಗೆ ನೋಡಲು ಕತ್ತು ತಿರುಗಿಸಿದಳು, ತೊಡೆಗೆ ಸೂಜಿ ಬಿತ್ತು. ಚಳಕ ಎಷ್ಟು ಚೆನ್ನಾಗಿತ್ತೆಂದರೆ ಸೂಜಿ ಹಾಕಿದಾಕೆ ಅವನನ್ನು ಹೊಗಳಿದಳು. ಅಂದಿನಿಂದ ಅವನು ಏನನ್ನಾದರೂ ತೋರಿಸಿ "ನೋಡು" ಎಂದರೆ ಸಾಕು, ಬುಗುರಿ ಎರಡೂ ಕೈಯಿಂದ ತೊಡೆ ಮುಚ್ಚಿಕೊಂಡು ಹಿಂದೆ ಸರಿಯುತ್ತಿದ್ದಳು. ಚಂದ್ರನನ್ನು ತೋರಿಸಿದರೂ ಅಷ್ಟೇ, ಬಸ್ಸನ್ನು ತೋರಿಸಿದರೂ ಅಷ್ಟೇ. ಮೊದಮೊದಲು ನಕ್ಕ. ಆಮೇಲೆ ನಗು ಬರಲಿಲ್ಲ. ಹೆತ್ತ ಮಗಳು ತನ್ನ ಬೆರಳನ್ನು ನಂಬದಿದ್ದರೆ ಯಾವ ತಂದೆಗೆ ನಗು ಬರುತ್ತದೆ?

ಹೀಗಿರುವಾಗ ಒಂದು ದಿನ ಸ್ನಾನ ಮಾಡಿಸುತ್ತಿದ್ದ ಹೆಂಡತಿ, ಮಗು ಜೋರಾಗಿ ಅತ್ತಾಗ ತೊಡೆಸಂದಿಯ ಮೇಲೆ ಗೋಲಿಯಷ್ಟು ಗಂಟು ಉಬ್ಬುವುದನ್ನು ಕಂಡಳು. ಅಳು ನಿಂತರೆ ಗಂಟೂ ಮಾಯ. ಮಕ್ಕಳ ಡಾಕ್ಟರು ನೋಡಿ ಹರ್ನಿಯಾ ಎಂದರು. ಗಾಬರಿ ಬೇಡ, ಆದರೆ ಬಿಟ್ಟರೆ ಒಂದು ದಿನ ಕರುಳು ಅಲ್ಲಿ ಸಿಕ್ಕಿಹಾಕಿಕೊಳ್ಳಬಹುದು, ಚಿಕ್ಕ ಆಪರೇಷನ್ ಮಾಡಿಬಿಡೋಣ, ಒಂದು ರಾತ್ರಿ ಆಸ್ಪತ್ರೆಯಲ್ಲಿರಬೇಕು ಎಂದರು. ಅವನು ತಲೆಯಾಡಿಸಿದ. ಆಪರೇಷನ್‌ಗಿಂತ ಹೆಚ್ಚಾಗಿ ಅವನನ್ನು ಕಾಡಿದ್ದು ಬೇರೆ ಚಿಂತೆ. ಇನ್ನೊಮ್ಮೆ ಮೋಸಮಾಡಿ ಮಲಗಿಸಿದರೆ ಈ ಹುಡುಗಿ ಮತ್ತೆಂದೂ ತನ್ನ ಮಾತು ನಂಬುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು.

ಮಕ್ಕಳ ವಾರ್ಡಿನ ಸಿಸ್ಟರ್ ಹತ್ತಿರ ಬಾಯಿಬಿಟ್ಟು ಕೇಳಿಯೇ ಬಿಟ್ಟ. "ಇವಳಿಗೆ ಏನಂತ ಹೇಳಿ ಕರ್ಕೊಂಡು ಬರ್ಲಿ ಸಿಸ್ಟರ್?"

"ಆಸ್ಪತ್ರೆಗೆ ಅಂತಾನೇ ಹೇಳಿ" ಎಂದಳು ಸಿಸ್ಟರ್. ಅವಳ ಜೇಬಿನಿಂದ ಸೋಪುನೀರಿನ ಗುಳ್ಳೆ ಊದುವ ಡಬ್ಬಿ ಇಣುಕುತ್ತಿತ್ತು. "ವಾರಗಟ್ಟಲೆ ಮುಂಚೆ ಹೇಳ್ಬೇಡಿ, ಅಷ್ಟು ದಿನ ಸುಮ್ನೆ ಕೊರಗುತ್ತೆ. ಬಾಗಿಲಲ್ಲಿ ನಿಂತು ಹೇಳಿದ್ರೆ ಸುಧಾರಿಸ್ಕೊಳ್ಳೋಕೆ ಪುರುಸೊತ್ತಿರಲ್ಲ. ಹಿಂದಿನ ದಿನ ಹೇಳಿ. ಚಿಕ್ಕ ಚಿಕ್ಕ ಮಾತು. ಚುಚ್ತಾರೆ, ನೋವಾಗುತ್ತೆ, ಆಮೇಲೆ ನೋವು ಹೋಗುತ್ತೆ. ಅಳಬಹುದು, ಕೈ ಮಾತ್ರ ಅಲ್ಲಾಡಿಸಬಾರದು. ಆಟ ಆಡಿಸಿ ತೋರಿಸಿ. ಮತ್ತೆ, ನೀವು ಗಾಬರಿಯಾಗಬೇಡಿ. ಅವು ನಮ್ಮ ಮಾತಿಗಿಂತ ಮೊದಲು ನಮ್ಮ ಮುಖ ನೋಡ್ತವೆ." ಹೋಗುವಾಗ ಸೂಜಿಯಿಲ್ಲದ ಒಂದು ಹೊಸ ಸಿರಿಂಜನ್ನೂ ಒಂದಿಷ್ಟು ಬ್ಯಾಂಡೇಜು ಬಟ್ಟೆಯನ್ನೂ ಕೊಟ್ಟಳು.

ಮನೆಯಲ್ಲಿ ಇದನ್ನು ಹೇಳಿದಾಗ ಅವನ ಅಮ್ಮ ಹಣೆ ಚಚ್ಚಿಕೊಂಡಳು. ಊಟ ಬಿಟ್ಟರೆ ಸೂಜಿ, ಹಟ ಮಾಡಿದರೆ ಸೂಜಿ, ನಿದ್ದೆ ಮಾಡದಿದ್ದರೆ ಡಾಕ್ಟರಿಗೆ ಹಿಡಿದು ಕೊಡುತ್ತೇನೆ ಎಂದು ಹೇಳಿ ಮೂರು ಮಕ್ಕಳನ್ನು ಸಾಕಿದವಳು ಅವಳು. "ಹೇಳಿ ಹೇಳಿ ಮಗೂನ ಹೆದರಿಸ್ತೀಯೇನೋ? ಎರಡು ಸುಳ್ಳು ಹೇಳಿ ಕರ್ಕೊಂಡು ಹೋಗೋದು ಬಿಟ್ಟು!"

"ಅತ್ತೆ, ನೀವು ಇನ್ನು ಸೂಜಿ ಹೆಸರು ಹೇಳಿ ಅನ್ನ ತಿನ್ನಿಸಬೇಡಿ. ಆಪರೇಷನ್ ಮುಗಿಯೋವರೆಗಾದ್ರೂ" ಎಂದಳು ಹೆಂಡತಿ. ಅವಳು ಶಾಲೆಯ ಸಮವಸ್ತ್ರ ಹೊಲಿಯುವವಳು. ದಿನವಿಡೀ ಸೂಜಿಯ ಜೊತೆಗೇ ಸಂಸಾರ. ಆದರೆ ಮಗಳ ಮೈಮೇಲೆ ಸೂಜಿ ಎಂದರೆ ಸಾಕು, ಬೆವೆತು ಕೂರುತ್ತಿದ್ದಳು. "ರೀ, ಚುಚ್ಚೋವಾಗ ನೀವೇ ಇರಿ. ನಾನಿದ್ರೆ ನನ್ನ ಮುಖ ನೋಡಿನೇ ಅವಳು ಕಿರುಚ್ತಾಳೆ. ರಾತ್ರಿ ಜೊತೆಗೆ ನಾನು ಮಲಗ್ತೀನಿ." ಹೀಗೆ ಜವಾಬ್ದಾರಿ ಅವನ ಹೆಗಲಿಗೆ ಬಿತ್ತು. ಕತ್ತಿ ಹಿಡಿದು ಕಂಡವರ ಗಂಟಲಿನ ಮೇಲೆ ಆಡಿಸುವ ಕೈ ಅದು, ನಡುಗುವ ಪೈಕಿಯಲ್ಲ. ನಾಲಿಗೆಯದ್ದೇ ಭಯ.

ಆಪರೇಷನ್ನಿನ ಹಿಂದಿನ ದಿನ ಅಂಗಡಿಗೆ ಬೀಗ ಹಾಕಿ, ಮಧ್ಯಾಹ್ನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಮಗಳ ಬಟ್ಟೆಯ ಕೋತಿಯನ್ನು ಎದುರಿಗೆ ಮಲಗಿಸಿದ.

"ಬುಗುರಿ, ನಾಳೆ ನಾವು ಆಸ್ಪತ್ರೆಗೆ ಹೋಗ್ತೀವಿ."

ಅವಳ ಕೈ ತೊಡೆಗೆ ಹೋಯಿತು. ಅವನು ಅದನ್ನು ಕಂಡೂ ಮಾತು ಮುಂದುವರಿಸಿದ. "ನಿನ್ನ ಹೊಟ್ಟೆ ಕೆಳಗೆ ಗಂಟು ಬರುತ್ತಲ್ಲ, ಅದನ್ನ ಡಾಕ್ಟರು ಸರಿಮಾಡ್ತಾರೆ. ಮೊದಲು ಕೈಗೆ ಕ್ರೀಮು ಹಚ್ತಾರೆ. ಆಮೇಲೆ ಸೂಜಿ ಚುಚ್ತಾರೆ."

"ನೋವಾಗುತ್ತಾ?"

ಬಾಯಿಯ ತುದಿಗೆ 'ಇಲ್ಲ ಕಂದ' ಬಂದು ನಿಂತಿತ್ತು. ಅದನ್ನು ನುಂಗಿದ. "ಆಗುತ್ತೆ. ಕ್ರೀಮಿಂದ ಕಡಿಮೆಯಾಗುತ್ತೆ, ಆದ್ರೂ ಸ್ವಲ್ಪ ಆಗುತ್ತೆ. ನೀನು ಅಳಬಹುದು. ನಾನು ನಿನ್ನನ್ನ ನನ್ನ ತೊಡೆ ಮೇಲೆ ಕೂರಿಸ್ಕೊಂಡಿರ್ತೀನಿ. ಆಮೇಲೆ ಸೂಜಿ ಹೊರಗೆ ಬರುತ್ತೆ, ಮೆತ್ತನೆ ಕೊಳವೆ ಮಾತ್ರ ಕೈಲಿರುತ್ತೆ. ಅದರಲ್ಲಿ ನಿದ್ದೆ ಔಷಧಿ ಹಾಕ್ತಾರೆ. ಡಾಕ್ಟರು ಕೆಲಸ ಮುಗಿಸೋವರೆಗೂ ನಿಂಗೇನೂ ಗೊತ್ತಾಗಲ್ಲ. ಆಮೇಲೆ ಎದ್ದೇಳ್ತೀಯ."

ಬುಗುರಿ ಬಹಳ ಹೊತ್ತು ಅವನ ಮುಖ ನೋಡಿದಳು. ಅಲ್ಲಿ ಕಾಗೆ ಕಾಣಲಿಲ್ಲವೆಂದು ತೋರುತ್ತದೆ. ಸಿರಿಂಜು ಕಿತ್ತುಕೊಂಡು ಕೋತಿಗೆ ಚುಚ್ಚಿದಳು. ಕೋತಿಯ ಕೈಗೆ ಬ್ಯಾಂಡೇಜು ಸುತ್ತಿದಳು. ಆಮೇಲೆ ಅಪ್ಪನಿಗೆ, ಅಮ್ಮನಿಗೆ, ಬಾಗಿಲಿಗೆ ಬಂದ ಹಾಲಿನವನಿಗೂ ಚುಚ್ಚಿದಳು. ಅಜ್ಜಿಯ ಸರದಿ ಬಂದಾಗ ಅಜ್ಜಿ ಕೈ ಚಾಚಿ, "ಚುಚ್ಚಮ್ಮಾ, ನಂಗೇನೂ ನೋವಾಗಲ್ಲ" ಎಂದಳು.

ಬುಗುರಿ ಸಿರಿಂಜು ಹಿಂದಕ್ಕೆಳೆದು ಗದರಿದಳು. "ನೋವಾಗುತ್ತೆ. ಅಳು."

ಅಜ್ಜಿ ಸೊಸೆಯ ಮುಖ ನೋಡಿ, ಮಗನ ಮುಖ ನೋಡಿ, ಬೇರೆ ದಾರಿ ಕಾಣದೆ ಅತ್ತಳು. ಒಳ್ಳೆಯ ಅಳು ಅದು, ನಾಲ್ಕು ಮನೆಗೆ ಕೇಳಿಸಿತು. ಬುಗುರಿ ಬೆನ್ನು ಸವರಿ, "ಆಯ್ತು, ಆಯ್ತು, ಹೋಯ್ತು" ಎಂದಳು. ಅವನಿಗೆ ಎದೆ ತುಂಬಿ ಬಂತು. ಆ ಹುರುಪಿನಲ್ಲೇ ಎಡವಟ್ಟಾಯಿತು. ಮಗಳು ಕೋತಿಗೆ ಮತ್ತೆ ಮತ್ತೆ ಚುಚ್ಚುತ್ತ "ನಂಗೆ ಎಷ್ಟು ಸಲ?" ಎಂದು ಕೇಳಿದಾಗ, ಕುರ್ಚಿಯಲ್ಲಿ ಕೂತ ಗಿರಾಕಿಗೆ ಹೇಳುವಂತೆ ಅವನ ಬಾಯಿಯಿಂದ ಸಲೀಸಾಗಿ ಬಂದುಬಿಟ್ಟಿತು. "ಒಂದೇ ಒಂದು ಸಲ, ಮುಗೀತು!" ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕಸುಬಿನ ಗುಣವೂ ಅಷ್ಟೇ.

ಮಾರನೆಯ ಬೆಳಿಗ್ಗೆ ಬುಗುರಿ ಖಾಲಿ ಹೊಟ್ಟೆಯಲ್ಲಿ, ಸಿಡುಕುತ್ತ, ಆದರೆ ತನ್ನ ಕಾಲಿನ ಮೇಲೆ ನಡೆದುಕೊಂಡೇ ವಾರ್ಡಿಗೆ ಬಂದಳು. ಅದೇ ಒಂದು ಗೆಲುವು. ಸಿಸ್ಟರ್ ಎರಡೂ ಅಂಗೈಗಳ ಹಿಂಭಾಗಕ್ಕೆ ದಪ್ಪವಾಗಿ ಮರಗಟ್ಟಿಸುವ ಕ್ರೀಮು ಬಳಿದು, ಮೇಲೆ ಪಾರದರ್ಶಕ ಪಟ್ಟಿ ಅಂಟಿಸಿದಳು. ಅದು ಕೆಲಸ ಮಾಡಲು ಸುಮಾರು ಒಂದು ತಾಸು ಬೇಕಂತೆ.

"ಎರಡು ಕೈಗೂ ಯಾಕೆ ಸಿಸ್ಟರ್?"

"ಒಂದು ಕಡೆ ನರ ಸಿಗದಿದ್ರೆ ಇನ್ನೊಂದು ಕಡೆ ಇರ್ಲಿ ಅಂತ. ಈ ವಯಸ್ಸಿನ ಮಕ್ಕಳ ನರ ದಾರದಷ್ಟಿರುತ್ತೆ."

ಅವನಿಗೆ ನಿನ್ನೆ ತಾನು ಹೇಳಿದ ಮಾತು ನೆನಪಾಯಿತು. ಈಗಲೇ ತಿದ್ದಿಬಿಡಲೇ ಎಂದುಕೊಂಡ. ಬುಗುರಿ ಸಿಸ್ಟರ್ ಊದಿದ ಗುಳ್ಳೆಗಳ ಹಿಂದೆ ಓಡುತ್ತ ನಗುತ್ತಿದ್ದಳು. ಈ ನಗುವನ್ನು ಯಾಕೆ ಕೆಡಿಸುವುದು, ಬಹುಶಃ ಮೊದಲ ಸಲವೇ ಸಿಗುತ್ತದೆ ಎಂದು ಸುಮ್ಮನಾದ. ಒಳ್ಳೆಯ ಹೊತ್ತು ಕೈಜಾರಿತು.

ಚುಚ್ಚುವ ಕೋಣೆ ಚಿಕ್ಕದು. ಒಂದು ಮೇಜು, ಒಂದು ಕುರ್ಚಿ, ಗೋಡೆಯ ಮೇಲೆ ಬಣ್ಣದ ಮೀನು. ಸಿಸ್ಟರ್ ಮಗುವನ್ನು ಮಲಗಿಸದೆ ಅವನನ್ನೇ ಕುರ್ಚಿಯಲ್ಲಿ ಕೂರಿಸಿದಳು. ಬುಗುರಿ ಅವನ ತೊಡೆಯ ಮೇಲೆ ಎದೆಗೆದೆ ತಾಗಿಸಿ ಕೂತಳು. ಎಡಗೈ ಅವನ ಕಂಕುಳಡಿಯಿಂದ ಹಿಂದಕ್ಕೆ ಚಾಚಿತ್ತು. ಸಹಾಯಕ್ಕೆ ಇನ್ನೊಬ್ಬ ನರ್ಸು ಮಣಿಕಟ್ಟು ಹಿಡಿದಿದ್ದಳು.

"ಈಗ ಚುಚ್ತಾರೆ ಕಂದ" ಎಂದ. ಸಿಸ್ಟರ್ ಚುಚ್ಚಿದಳು. ಬುಗುರಿ "ಆ!" ಎಂದು ಅತ್ತಳು. ಆದರೆ ಕೈ ಎಳೆದುಕೊಳ್ಳಲಿಲ್ಲ. ಸಿಸ್ಟರ್ ಸೂಜಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದಳು, ನಿಂತಳು, ತುಟಿ ಕಚ್ಚಿದಳು, ಹೊರಗೆ ತೆಗೆದು ಹತ್ತಿ ಒತ್ತಿದಳು. "ನರ ಒಡೀತು. ಆ ಕೈಗೆ ನೋಡ್ಬೇಕು."

"ಮುಗೀತಾ ಅಪ್ಪ?" ಎಂದಳು ಬುಗುರಿ, ಕೆನ್ನೆಯ ಮೇಲೆ ಕಣ್ಣೀರು, ಆದರೆ ದನಿಯಲ್ಲಿ ಗೆದ್ದ ಜಂಬ.

ನರ್ಸು ಅವನ ಕಿವಿಯ ಹತ್ತಿರ ಬಗ್ಗಿದಳು. "ಹೂಂ ಅನ್ನಿ. ಮೀನು ತೋರಿಸಿ. ಅವಳು ಆ ಕಡೆ ನೋಡೋಷ್ಟರಲ್ಲಿ ನಾನು ಗಟ್ಟಿಯಾಗಿ ಹಿಡ್ಕೊಂಡುಬಿಡ್ತೀನಿ."

ಅದು ಅವನಿಗೆ ಕಣ್ಣು ಮುಚ್ಚಿಕೊಂಡು ಬರುವ ವಿದ್ಯೆ. ಇಡೀ ಊರಿನಲ್ಲಿ ಅದನ್ನು ಅವನಷ್ಟು ಚೆನ್ನಾಗಿ ಮಾಡುವವರಿಲ್ಲ. ಬೆರಳೆತ್ತಿದರೆ ಸಾಕು, ಈ ಸಂಕಟ ಅರೆಕ್ಷಣದಲ್ಲಿ ದಾಟಿಹೋಗುತ್ತದೆ. ಆಮೇಲೆ ಏನಾಗುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ಮುತ್ತು ಆಗಲೇ ಒಡೆದಿತ್ತು. ಉಳಿದದ್ದನ್ನಾದರೂ ಉಳಿಸಿಕೊಳ್ಳಬೇಕು.

"ಬೇಡ. ಒಂದು ನಿಮಿಷ ಕೊಡಿ" ಎಂದ. ಸಿಸ್ಟರ್ ನರ್ಸಿಗೆ ಕಣ್ಣಿನಲ್ಲೇ ತಡಿ ಎಂದಳು. "ಅವಸರ ಇಲ್ಲ, ಮಾತಾಡಿ" ಎಂದು ಹಿಂದೆ ಸರಿದು ನಿಂತಳು.

ಅವನು ಮಗಳ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡ. "ಮುಗೀಲಿಲ್ಲ ಕಂದ. ಕೊಳವೆ ಒಳಗೆ ಹೋಗ್ಲಿಲ್ಲ. ಈ ಇನ್ನೊಂದು ಕೈಗೆ ಒಂದು ಸಲ ಚುಚ್ಚಬೇಕು."

ಬುಗುರಿಯ ತುಟಿ ಸೊಟ್ಟಗಾಯಿತು. "ಒಂದೇ ಅಂದೆ!"

"ಹೌದು. ಅಂದೆ. ನಂಗೆ ಗೊತ್ತಿರಲಿಲ್ಲ, ಆದ್ರೂ ಅಂದುಬಿಟ್ಟೆ. ನಾನು ಹೇಳಿದ್ದು ತಪ್ಪು."

"ಒಂದೇ ಅಂದೆ!" ಎಂದು ಅವಳು ಹತ್ತಿ ಅಂಟಿಸಿದ್ದ ಕೈಯಿಂದಲೇ ಅವನ ಎದೆಗೆ ಗುದ್ದಿದಳು, ಮತ್ತೆ ಗುದ್ದಿದಳು. ಅವನು ತಡೆಯಲಿಲ್ಲ. ಅವಳು ಹೊಡೆಯುವುದರಲ್ಲಿ ನ್ಯಾಯವಿತ್ತು. ಬೇಸರವೂ ನಾಚಿಕೆಯೂ ಒಟ್ಟಿಗೇ ಬಂದವು. ಆದರೂ ಉಸಿರನ್ನು ನಿಧಾನಕ್ಕೆ ಎಳೆದು ಬಿಟ್ಟ. ಎದೆ ಎದೆಗೆ ತಾಗಿಕೊಂಡಿದ್ದವಳಿಗೆ ಆ ಉಸಿರು ಮುಟ್ಟಿತೇನೋ, ಗುದ್ದು ಮೆಲ್ಲಗಾಯಿತು.

"ಇದಾದ್ಮೇಲೆ ಇನ್ನೊಂದಾ?" ಎಂದಳು ಬಿಕ್ಕುತ್ತ.

ಅವನು ಸಿಸ್ಟರ್ ಕಡೆ ನೋಡಿದ. ಸಿಸ್ಟರ್ ಸುಳ್ಳಿನ ಆಸರೆ ಕೊಡಲಿಲ್ಲ. "ಈ ಕೈ ನರ ಚೆನ್ನಾಗಿದೆ. ಸಿಗುತ್ತೆ ಅನ್ಸುತ್ತೆ. ಖಂಡಿತ ಅಂತ ಹೇಳೋಕಾಗಲ್ಲ."

"ಗೊತ್ತಿಲ್ಲ ಬುಗುರಿ" ಎಂದ ಅವನು. "ಸಿಸ್ಟರ್‌ಗೂ ಗೊತ್ತಿಲ್ಲ. ಆದ್ರೆ ಒಂದು ಮಾತು. ಇನ್ನೊಂದು ಬೇಕಾದ್ರೆ ಮೊದಲು ನಿಂಗೆ ಹೇಳ್ತೀನಿ. ನಿಂಗೆ ಹೇಳದೆ ಯಾರೂ ಚುಚ್ಚಲ್ಲ."

ಇದು ತನ್ನ ಕೈಲಿ ಉಳಿಸಿಕೊಳ್ಳಲಾಗುವ ಮಾತು ಎಂದು ತೂಗಿ ನೋಡಿಯೇ ಆಡಿದ್ದ. "ಕೈ ನೋಡ್ಕೊಂಡಿರ್ತೀಯಾ, ನನ್ನ ಹೆಗಲಲ್ಲಿ ಮುಖ ಇಟ್ಕೋತೀಯಾ?"

ಅವಳು ಯೋಚಿಸಿದಳು. ಆ ಕೋಣೆಯಲ್ಲಿ ಮೂವರು ದೊಡ್ಡವರು ಒಬ್ಬ ಚೋಟುದ್ದದವಳ ತೀರ್ಮಾನಕ್ಕೆ ಕಾದಿದ್ದರು.

"ಹೆಗಲು."

"ಸರಿ. ಈಗ ಒದ್ದೆ ಹತ್ತಿಯಿಂದ ಒರೆಸ್ತಾರೆ, ತಣ್ಣಗಿರುತ್ತೆ. ನೋವಿಲ್ಲ. ಈಗ ಚುಚ್ತಾರೆ, ನೋವಾಗುತ್ತೆ. ಕಿರುಚು."

ಅವಳು ಕಿರುಚಿದಳು. ಕಿವಿ ಕೊರೆಯುವಂಥ ಕಿರುಚು. ಕೈ ನಡುಗಿತು, ನರ್ಸು ಅದನ್ನು ಆನಿಸಿಕೊಂಡಳು. ಹಲ್ಲು ಅಪ್ಪನ ಹೆಗಲಿಗೆ ಇಳಿಯಿತು. ಧೈರ್ಯವಂತೆ, ಅಳಲೇ ಇಲ್ಲ ಎಂದು ಹೇಳಿಕೊಳ್ಳುವ ಕಥೆಯಲ್ಲ ಇದು. ಅತ್ತಳು, ಸೋರುವ ಮೂಗನ್ನು ಅವನ ಅಂಗಿಗೆ ಒರೆಸಿದಳು. ಕೊಳವೆಯ ಬುಡದಲ್ಲಿ ಒಂದು ಚುಕ್ಕೆ ರಕ್ತ ಕಂಡಿತು. ಸಿಸ್ಟರ್ ಸೂಜಿ ಹೊರಗೆಳೆದು, ಕೊಳವೆಗೆ ಪಟ್ಟಿ ಅಂಟಿಸಿ, "ಸಿಕ್ತು" ಎಂದಳು.

"ಮುಗೀತು ಕಂದ. ಈ ಸಲ ನಿಜವಾಗ್ಲೂ. ಸಿಸ್ಟರ್ ಹೇಳಿದ್ರು" ಎಂದ ಅವನು. ಹೊರಗೆ ಕಾದಿದ್ದ ಹೆಂಡತಿ ಇಬ್ಬರ ಮುಖವನ್ನೂ ನೋಡಿ, ಯಾರನ್ನು ಮೊದಲು ಸಮಾಧಾನ ಮಾಡುವುದೆಂದು ತಿಳಿಯದೆ ಇಬ್ಬರನ್ನೂ ತಬ್ಬಿಕೊಂಡಳು.

ಆಪರೇಷನ್ ಕೋಣೆಯ ಬಾಗಿಲಿನವರೆಗೆ ಬುಗುರಿ ಅವನ ಹೆಗಲ ಮೇಲೆಯೇ ಬಂದಳು. ಹಸಿರು ಟೋಪಿ ಹಾಕಿಕೊಂಡ ಅವನನ್ನು ಕಂಡು ಒಮ್ಮೆ ನಕ್ಕಳು. ಈ ಸಲ ಅವನು ಮಾತಾಡುವುದಕ್ಕೆ ಮೊದಲು ವಿಚಾರಿಸಿಕೊಂಡಿದ್ದ. "ಔಷಧಿ ಹಾಕೋವರೆಗೂ ನಾನಿರ್ತೀನಿ. ನೀನು ನಿದ್ದೆ ಹೋದ ಮೇಲೆ ಬಾಗಿಲ ಹೊರಗೆ ಕೂತಿರ್ತೀನಿ. ಎದ್ದಾಗ ಸಿಸ್ಟರ್ ಇರಬಹುದು. ನಮ್ಮನ್ನ ಕರೀತಾರೆ. ಅಮ್ಮ, ನಾನು ತಕ್ಷಣ ಬರ್ತೀವಿ." ಎದ್ದಾಗ ತಾನೇ ಎದುರಿಗೆ ಇರುತ್ತೇನೆ ಎಂದುಬಿಡುವುದು ಎಷ್ಟು ಹಿತವಾಗಿತ್ತು! ಆದರೆ ಹೆತ್ತವರನ್ನು ಕರೆಸುವ ಮೊದಲೇ ಒಂದೊಂದು ಮಗು ಕಣ್ಣು ಬಿಡುತ್ತದೆ ಎಂದು ಅರಿವಳಿಕೆ ಡಾಕ್ಟರು ಹೇಳಿದ್ದರು. ಔಷಧಿ ಕೊಳವೆಗೆ ಇಳಿದಂತೆ ಅವಳ ಬೆರಳು ಅವನ ಬೆರಳಿನಿಂದ ಸಡಿಲಿತು. ಹೊರಗೆ ಬಂದು, ಹೇಳಿದಂತೆಯೇ ಬಾಗಿಲ ಪಕ್ಕ ಕೂತ.

ಆಪರೇಷನ್ ಸಲೀಸಾಗಿ ಮುಗಿಯಿತು. ಇವರನ್ನು ಕರೆಸುವ ಮೊದಲೇ ಬುಗುರಿ ಎಚ್ಚರಗೊಂಡು ಅಳುತ್ತಿದ್ದಳಂತೆ. ಇಬ್ಬರೂ ಓಡಿ ಹೋದಾಗ, "ಸಿಸ್ಟರ್ ಇದ್ರು. ನೀವು ಬಂದ್ರಿ" ಎಂದು ತೊದಲಿ ಅಮ್ಮನ ಕುತ್ತಿಗೆಗೆ ಜೋತುಬಿದ್ದಳು. ಸಂಜೆಗೆ ಗುಟುಕು ಗುಟುಕಾಗಿ ನೀರು ಕುಡಿದಳು, ನೋವಿನ ಔಷಧಿ ಕುಡಿದು ಮುಖ ಕಿವುಚಿದಳು, ಅಮ್ಮನ ಪಕ್ಕದಲ್ಲಿ ಮಲಗಿದಳು.

ಬೆಳಿಗ್ಗೆ ದೊಡ್ಡ ಡಾಕ್ಟರು ಬಂದರು. ಹಿಂದೆ ಕಿರಿಯ ಡಾಕ್ಟರುಗಳು, ಸಿಸ್ಟರ್, ಗೋಡೆಗೆ ಒತ್ತಿ ನಿಂತ ಅಜ್ಜಿ. ಬುಗುರಿ ಎರಡೂ ಕೈಯಿಂದ ಫ್ರಾಕಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು.

"ಎಲ್ಲಿ, ಗಾಯ ನೋಡೋಣ ಪುಟ್ಟಿ. ನೋವೇ ಆಗಲ್ಲ" ಎಂದರು ಡಾಕ್ಟರು.

"ನೋವಾಗಲ್ಲಮ್ಮ" ಎಂದಳು ಅಜ್ಜಿ. "ಏನೂ ಆಗಲ್ಲ" ಎಂದರು ಕಿರಿಯ ಡಾಕ್ಟರು. ಅಷ್ಟೂ ಜನರ ಮಾತು ಗಾಳಿಗೆ ಹೋಯಿತು. ಬುಗುರಿ ಅವರಲ್ಲಿ ಒಬ್ಬರನ್ನೂ ನೋಡದೆ ಅಪ್ಪನನ್ನು ನೋಡಿದಳು. "ಅಪ್ಪ?"

ಅವನು ಡಾಕ್ಟರನ್ನು ಕೇಳಿದ. "ಏನು ಮಾಡ್ತೀರಿ ಡಾಕ್ಟರೇ? ಪಟ್ಟಿ ತೆಗೀತೀರಾ, ಒತ್ತಿ ನೋಡ್ತೀರಾ?"

ದೊಡ್ಡ ಡಾಕ್ಟರನ್ನು ಹೀಗೆ ಪ್ರಶ್ನೆ ಕೇಳುವವರು ಆ ವಾರ್ಡಿನಲ್ಲಿ ಕಡಿಮೆ. ಅವರು ಹುಬ್ಬೇರಿಸಿದರು, ಆದರೂ ಹೇಳಿದರು. "ಇಲ್ಲ ಇಲ್ಲ. ಪಟ್ಟಿ ಒದ್ದೆಯಾಗಿದ್ಯಾ ಅಂತ ಕಣ್ಣಲ್ಲಿ ನೋಡ್ತೀನಿ. ಮುಟ್ಟಲ್ಲ."

ಅವನು ಮಗಳ ಮಟ್ಟಕ್ಕೆ ಬಗ್ಗಿ ಕೂತ. "ಮುಟ್ಟಲ್ವಂತೆ ಕಂದ. ನೋಡ್ತಾರೆ, ಅಷ್ಟೇ. ನೋವಾಗಲ್ಲ."

ಬುಗುರಿಯ ಮುಷ್ಟಿ ಬಿಚ್ಚಿತು. ತಾನೇ ಫ್ರಾಕು ಎತ್ತಿ ಹಿಡಿದು ನಿಂತಳು. ಡಾಕ್ಟರು ನೋಡಿದರು, ಮುಟ್ಟಲಿಲ್ಲ, ಚೆನ್ನಾಗಿದೆ, ಮನೆಗೆ ಹೋಗಬಹುದು ಎಂದರು. ಹೊರಡುವ ಮುನ್ನ ಸುಳ್ಳುಮುನಿಸಿನಿಂದ ಕೇಳಿದರು. "ನಾವೆಲ್ಲ ಹೇಳಿದ್ದೂ ಅದೇ ಅಲ್ವೇನೇ? ಅಪ್ಪ ಹೇಳಿದ್ರೆ ಮಾತ್ರ ನಂಬ್ತೀಯಾ?"

ಅವಳು ಫ್ರಾಕು ಇಳಿಸಿಕೊಂಡು, ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ ಡಾಕ್ಟರ ಮುಖ ನೋಡಿದಳು.

"ನೋವಾದ್ರೆ ಅಪ್ಪ ಹೇಳ್ತಾನೆ" ಎಂದಳು.